ಉಚಿತ ಪುಸ್ತಕ ವಿತರಣೆ: ಆರ್ಡರ್ ಕೊಡುವ ಮುನ್ನ ಐದು ಫೋಟೋ ತರಿಸಿಕೊಳ್ಳಿ

ಜೂನ್ ಬಂತೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿಮುಂಬಯಿ ಪರಿಸರದ ಕನ್ನಡ ಸಂಘ-ಸಂಸ್ಥೆಗಳಲ್ಲಿ, ಜಾತೀಯ ಸಂಘಟನೆಗಳ ಸ್ಥಳೀಯ ಸಮಿತಿಗಳಲ್ಲಿ ಪುಸ್ತಕ ವಿತರಣೆಯ ಸಂಭ್ರಮ. ಅತಿಥಿಗಳು, ಹೂಗುಚ್ಛ, ಸಾಲಾಗಿ ನಿಂತ ಮಕ್ಕಳು, ಗ್ರೂಪ್ ಫೋಟೋ. ಒಂದು ಕಾಲದಲ್ಲಿ ಡಜನ್ ಲೆಕ್ಕದ ನೋಟ್‌ಬುಕ್ ಕೊಟ್ಟರೆ ಸಾಕಾಗುತ್ತಿತ್ತು. ಈಗ ದಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಎಂಟನೇ ತರಗತಿಯ ತನಕ ಸರಕಾರಿ ಹಾಗೂ ಅನುದಾನಿತ ಶಾಲೆಗಳ ಮಕ್ಕಳಿಗೆ ಪಠ್ಯಪುಸ್ತಕ ಉಚಿತವಾಗಿ ಸಿಗುವುದರಿಂದ, ಸಂಘಗಳ ಹಣ ಒಂಬತ್ತರಿಂದ ಹನ್ನೆರಡನೇ ತರಗತಿಯ ಪುಸ್ತಕ, ಗೈಡ್ ಮತ್ತು ನೀಟ್, ಸಿಇಟಿ ಪರೀಕ್ಷೆಯ ಪುಸ್ತಕಗಳತ್ತ ಹರಿಯುತ್ತಿದೆ. ಇದು ಸ್ವಾಗತಾರ್ಹ ಬದಲಾವಣೆಯೇ. ಆದರೆ ನಕಲಿ ಮುದ್ರಣದ ಪುಸ್ತಕ ಹೆಚ್ಚಾಗಿ ಸುಳಿದಾಡುವುದೂ ಇದೇ ತರಗತಿಗಳಲ್ಲಿ, ಇದೇ ಪರೀಕ್ಷೆಗಳ ಸುತ್ತ.

ಖರೀದಿ ನಡೆಯುವ ರೀತಿಯನ್ನು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಸಮಿತಿಯ ಕೋಶಾಧಿಕಾರಿಗೆ ಹಗಲಿಡೀ ಹೋಟೆಲಿನಲ್ಲೋ ಆಫೀಸಿನಲ್ಲೋ ದುಡಿಮೆ. ಸಂಜೆ ಲೋಕಲ್ ಇಳಿದು ಅಂಗಡಿ ಅಂಗಡಿ ಸುತ್ತಲು ಸಮಯವಿಲ್ಲ. ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿ "ಸೇಠ್, ಮಾಲ್ ಒರಿಜಿನಲ್ ಹೈ ನಾ?" ಎಂದು ಕೇಳುತ್ತಾರೆ. "ಏಕ್‌ದಮ್ ಒರಿಜಿನಲ್, ಫೋಟೋ ಭೇಜ್ತಾ ಹೂಂ" ಎಂಬ ಉತ್ತರ ಬರುತ್ತದೆ. ಬರುವ ಫೋಟೋದಲ್ಲಿ ಇರುವುದು ಹೊಳೆಯುವ ಮುಖಪುಟ ಮತ್ತು ಒಂದರ ಮೇಲೊಂದು ಜೋಡಿಸಿದ ಕಟ್ಟು. ಮುಖಪುಟ ಹೊಳೆದರೆ ಪುಸ್ತಕ ಅಸಲಿ ಎಂದು ಒಪ್ಪಿ ಮುಂಗಡ ಕಳಿಸಲಾಗುತ್ತದೆ. ನಕಲಿ ಮಾಡುವವನು ಅತಿ ಹೆಚ್ಚು ಕಾಳಜಿ ವಹಿಸುವುದು ಮುಖಪುಟದ ಮೇಲೆಯೇ ಎಂಬುದು ಯಾರಿಗೂ ಹೊಳೆಯುವುದಿಲ್ಲ.

ಫೋಟೋ ನೋಡಿ ಪುಸ್ತಕ ಕೊಳ್ಳುವುದೇ ತಪ್ಪು ಎಂದು ಹೇಳಿ ಪ್ರಯೋಜನವಿಲ್ಲ. ಆ ಕಾಲ ಹೋಯಿತು. ಯಾವ ಫೋಟೋ ಕೇಳಬೇಕು, ಅದರಲ್ಲಿ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ತಿಳಿದಿದ್ದರೆ ಸಾಕು.

ಅಷ್ಟು ಅಗ್ಗದ ಪಠ್ಯಪುಸ್ತಕವನ್ನು ಯಾರಾದರೂ ಯಾಕೆ ನಕಲು ಮಾಡುತ್ತಾರೆ ಎಂಬ ಪ್ರಶ್ನೆ ಸಹಜ. ಎನ್‌ಸಿಇಆರ್‌ಟಿ ಪುಸ್ತಕಗಳ ಬೆಲೆ ಮೊದಲೇ ಕಡಿಮೆ. 9ರಿಂದ 12ನೇ ತರಗತಿಯ ಪುಸ್ತಕಗಳ ಬೆಲೆಯನ್ನು ಇನ್ನೂ ಶೇ. 20ರಷ್ಟು ಇಳಿಸುವುದಾಗಿ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿತ್ತು. ಹಾಗಿದ್ದೂ 2020ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಮೇರಠ್‌ನಲ್ಲಿ ಒಂದು ಗೋದಾಮಿನ ಮೇಲೆ ದಾಳಿ ನಡೆದಾಗ ಸಿಕ್ಕಿದ್ದು ಸುಮಾರು 35 ಕೋಟಿ ರೂಪಾಯಿ ಮೌಲ್ಯದ ನಕಲಿ ಎನ್‌ಸಿಇಆರ್‌ಟಿ ಪುಸ್ತಕಗಳೆಂದು ಪೊಲೀಸರು ಹೇಳಿದ್ದರು. ಕಾರಣ ಸರಳ. ಇಂತಹ ಪುಸ್ತಕದ ಖರ್ಚಿನಲ್ಲಿ ದೊಡ್ಡ ಪಾಲು ಕಾಗದದ್ದು. ಕಾಗದ ತೆಳುವಾದರೆ ಅಲ್ಲೇ ಲಾಭ. ಲೇಖಕರಿಗೆ, ಸಂಪಾದಕರಿಗೆ, ಕರಡು ತಿದ್ದುವವರಿಗೆ ನಕಲಿಗಾರ ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಅಂಗಡಿಯವನಿಗೆ ಅಸಲಿ ಪುಸ್ತಕಕ್ಕಿಂತ ಹೆಚ್ಚು ಕಮಿಷನ್ ಬಿಟ್ಟುಕೊಡಲು ಅವನಿಗೆ ಸಾಧ್ಯ. ಇದಕ್ಕೆ ಸರಿಯಾಗಿ ಶಾಲಾ ಕಾಲೇಜು ಆರಂಭವಾದಾಗ ಅಸಲಿ ಪುಸ್ತಕ ಸ್ಟಾಕ್ ಇರುವುದಿಲ್ಲ; ಪಾಲಕರಿಗೆ ಗಡಿಬಿಡಿ. ಕೊರತೆಯ ಆ ಮೂರು ನಾಲ್ಕು ವಾರಗಳೇ ನಕಲಿ ಮಾಲಿನ ಸುಗ್ಗಿ.

ಈಗ ಒಂದು ಉದಾಹರಣೆ ಇಟ್ಟುಕೊಳ್ಳೋಣ. ಡೊಂಬಿವಲಿಯ ಒಂದು ಸಮಿತಿ, ನೀಟ್‌ಗೆ ಕುಳಿತುಕೊಳ್ಳುವ 40 ಮಕ್ಕಳಿಗೆ ಹನ್ನೆರಡನೇ ತರಗತಿಯ ಎನ್‌ಸಿಇಆರ್‌ಟಿ ಜೀವಶಾಸ್ತ್ರ ಮತ್ತು ಭೌತಶಾಸ್ತ್ರ ಪುಸ್ತಕ ಕೊಡಲು ನಿರ್ಧರಿಸಿದೆ ಎಂದು ಊಹಿಸಿ. ಕಲ್ಯಾಣಿನ ಕಡೆಯ ಒಬ್ಬ ವ್ಯಾಪಾರಿ ಒಳ್ಳೆಯ ರಿಯಾಯಿತಿ ಹೇಳಿ ಮುಖಪುಟದ ಫೋಟೋ ಕಳಿಸಿದ್ದಾನೆ. ಸಮಿತಿಯವರು ಅದನ್ನು ಬದಿಗಿಟ್ಟು ಐದು ಫೋಟೋ ಕೇಳಬೇಕು: ಪ್ರಕಾಶಕರ ವಿವರ ಇರುವ ಪುಟ, ಅದೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದದ್ದು, ಒಳಪುಟದ ಅತಿ ಸಣ್ಣ ಅಕ್ಷರಗಳ ಹತ್ತಿರದ ಚಿತ್ರ, ಪುಸ್ತಕದ ಬೆನ್ನನ್ನು ಮೇಲಿನಿಂದ ತೆಗೆದದ್ದು, ಮತ್ತು ಪುಸ್ತಕವನ್ನು ತಕ್ಕಡಿಯ ಮೇಲಿಟ್ಟದ್ದು. ಅಸಲಿ ಮಾಲು ಇಟ್ಟವನಿಗೆ ಇದು ಐದು ನಿಮಿಷದ ಕೆಲಸ. "ಇಷ್ಟೆಲ್ಲ ಯಾಕೆ, ವಿಶ್ವಾಸ ಇಲ್ಲವೇ?" ಎಂದು ಸಿಡಿಮಿಡಿಗೊಂಡರೆ ಬೇರೆ ಅಂಗಡಿ ನೋಡುವುದೇ ಮೇಲು.

ಕೇಳುವಾಗ ಒಂದು ಸೂಚನೆ ತಪ್ಪದೆ ಕೊಡಬೇಕು. ವಾಟ್ಸಾಪ್‌ನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೋ ದಾರಿಯಲ್ಲಿ ಕುಗ್ಗಿ ಬರುತ್ತದೆ. ಸಣ್ಣ ಅಕ್ಷರದ ಅಂಚು ಮಸುಕಾಗುತ್ತದೆ. ಆಗ ಅಸಲಿ ಪುಸ್ತಕವೂ ನಕಲಿಯಂತೆ ಕಾಣುತ್ತದೆ. ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದದ್ದು ತೆಗೆದಂತೆಯೇ ತಲಪುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಬೇಡ, ಹಗಲು ಕಿಟಕಿಯ ಬಳಿ ತೆಗೆಯಲು ಹೇಳಬೇಕು. ಕಾಗದದ ಬಣ್ಣ ತಿಳಿಯಬೇಕಿದ್ದರೆ ಪಕ್ಕದಲ್ಲಿ ಜೆರಾಕ್ಸ್ ಅಂಗಡಿಯ ಒಂದು ಬಿಳಿ ಹಾಳೆ ಇಟ್ಟಿರಬೇಕು. ಇಲ್ಲದಿದ್ದರೆ ಮೊಬೈಲು ತನ್ನಷ್ಟಕ್ಕೆ ಬಣ್ಣ ಸರಿಪಡಿಸಿ ಹಳದಿಯನ್ನು ಬಿಳಿಯನ್ನಾಗಿಯೂ ಬಿಳಿಯನ್ನು ನೀಲಿಯನ್ನಾಗಿಯೂ ತೋರಿಸಿಬಿಡುತ್ತದೆ.

ಮೊದಲಿಗೆ ಪ್ರಕಾಶಕರ ವಿವರದ ಪುಟ. ಮುಖಪುಟ ದಾಟಿ ಒಂದೆರಡು ಹಾಳೆ ತಿರುವಿದರೆ ಸಿಗುವ ಈ ಪುಟವನ್ನು ಯಾರೂ ಓದುವುದಿಲ್ಲ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಮೊದಲ ಆವೃತ್ತಿಯ ತಿಂಗಳು, ಆ ಮೇಲಿನ ಮರುಮುದ್ರಣಗಳ ಸಾಲು, ಬೆಲೆ, ಮುದ್ರಿಸಿದ ಪ್ರೆಸ್ಸಿನ ಹೆಸರು ವಿಳಾಸ, ಎಲ್ಲ ಇಲ್ಲಿರುತ್ತವೆ. ಪುಸ್ತಕವನ್ನು ಎನ್‌ಸಿಇಆರ್‌ಟಿ ವಾಟರ್‌ಮಾರ್ಕ್ ಇರುವ 80 ಜಿಎಸ್‌ಎಂ ಕಾಗದದಲ್ಲಿ ಮುದ್ರಿಸಲಾಗಿದೆ ಎಂಬ ಮಾತೂ ಇದೇ ಪುಟದಲ್ಲಿದೆ. ರಬ್ಬರ್ ಸ್ಟಾಂಪ್ ಒತ್ತಿಯೋ ಸ್ಟಿಕ್ಕರ್ ಅಂಟಿಸಿಯೋ ಬೆಲೆ ಬದಲಾಯಿಸಿದ್ದರೆ ಒಪ್ಪಬೇಡಿ ಎಂಬ ಎಚ್ಚರಿಕೆಯೂ ಅಲ್ಲೇ. ರಾಜ್ಯ ಮಂಡಳಿಯ ಮಕ್ಕಳಿಗೆ ಬೇಕಾದ ಬಾಲಭಾರತಿ ಪುಸ್ತಕದಲ್ಲೂ ಇಂತಹುದೇ ಪುಟವಿದೆ. ಪ್ರಕಾಶಕರಾಗಿ ಪ್ರಭಾದೇವಿಯ ಪಠ್ಯಪುಸ್ತಕ ಮಂಡಳಿಯ ನಿಯಂತ್ರಕರ ಹೆಸರು, ಮುದ್ರಣ ಆದೇಶದ ಸಂಖ್ಯೆ, ಮುದ್ರಕರು, ಕಾಗದ 70 ಜಿಎಸ್‌ಎಂ ಕ್ರೀಮ್‌ವೋವ್ ಎಂಬ ವಿವರ. 1967ರಲ್ಲಿ ಆರಂಭವಾದ ಬಾಲಭಾರತಿ ಕನ್ನಡದಲ್ಲೂ ಪುಸ್ತಕ ತರುವುದರಿಂದ ಇಲ್ಲಿಯ ಕನ್ನಡ ಮಾಧ್ಯಮದ ಮಕ್ಕಳ ಮನೆಗಳಲ್ಲಿ ಹೋಲಿಸಿ ನೋಡಲು ಒಂದು ಅಸಲಿ ಪ್ರತಿ ಸಿಕ್ಕೇ ಸಿಗುತ್ತದೆ.

ಈ ಪುಟವನ್ನು ನಕಲಿಗಾರ ಯಥಾವತ್ತಾಗಿ ಇಳಿಸುತ್ತಾನೆ ನಿಜ. ಆದರೆ ಅದರಿಂದಲೇ ಅವನು ಸಿಕ್ಕಿಬೀಳುತ್ತಾನೆ. ಪುಟ ಹೇಳುವುದು 80 ಜಿಎಸ್‌ಎಂ, ಕೈಯಲ್ಲಿರುವ ಕಾಗದ ಬೇರೆ. ಪುಟ ಹೇಳುವುದು ವಾಟರ್‌ಮಾರ್ಕ್ ಇದೆ ಎಂದು, ಬೆಳಕಿಗೆ ಹಿಡಿದರೆ ಇಲ್ಲ. ಪುಸ್ತಕ ತಾನೇ ಕೊಟ್ಟ ಮಾತನ್ನು ಪುಸ್ತಕ ಉಳಿಸಿಕೊಂಡಿದೆಯೇ ಎಂದು ನೋಡುವುದೇ ಇಡೀ ಪರೀಕ್ಷೆಯ ತಿರುಳು.

ವಾಟರ್‌ಮಾರ್ಕ್ ಎಂದರೆ ಶಾಯಿಯಲ್ಲ. ಕಾಗದ ತಯಾರಾಗುವಾಗ, ಇನ್ನೂ ಒದ್ದೆಯಾಗಿರುವಾಗಲೇ, ಒಂದು ಉರುಳೆಯಿಂದ ಒತ್ತಿ ನಾರಿನ ದಪ್ಪವನ್ನು ಅಲ್ಲಲ್ಲಿ ಬದಲಿಸುತ್ತಾರೆ. ತೆಳುವಾದ ಕಡೆ ಬೆಳಕು ಹೆಚ್ಚು ಹಾಯುತ್ತದೆ. ಹಾಗಾಗಿ ಅದು ಮೇಜಿನ ಮೇಲೆ ಇಟ್ಟಾಗ ಕಾಣದೆ, ಬೆಳಕಿಗೆ ಹಿಡಿದಾಗ ಮಾತ್ರ ಕಾಣುತ್ತದೆ. ನೂರು ರೂಪಾಯಿಯ ನೋಟಿನಲ್ಲಿ ಗಾಂಧೀಜಿ ಕಾಣುವ ಹಾಗೆ. ನಕಲಿಗಾರ ಕೆಲವೊಮ್ಮೆ ತಿಳಿ ಬೂದು ಶಾಯಿಯಲ್ಲಿ ಆ ಗುರುತನ್ನು ಅಚ್ಚು ಹಾಕಿಬಿಡುತ್ತಾನೆ. ಅದಕ್ಕೇ ಒಂದೇ ಹಾಳೆಯ ಎರಡು ಫೋಟೋ ಬೇಕೆಂದದ್ದು. ಎರಡರಲ್ಲೂ ಗುರುತು ಕಂಡರೆ ಅದು ಶಾಯಿ. ಒಂದು ಹಾಳೆಯಲ್ಲಿ ಕಾಣದಿದ್ದರೆ ಗಾಬರಿಯಾಗಬೇಕಿಲ್ಲ, ಗುರುತು ಆ ಹಾಳೆಯ ಅಚ್ಚಿನ ಹಿಂದೆ ಅಡಗಿರಬಹುದು. ಹೆಚ್ಚು ಖಾಲಿ ಜಾಗವಿರುವ ಮೂರು ನಾಲ್ಕು ಹಾಳೆಗಳನ್ನು ನೋಡಿದರೂ ಎಲ್ಲಿಯೂ ಇಲ್ಲ ಎಂದಾದರೆ ಮಾತ್ರ ಅನುಮಾನ ಗಟ್ಟಿ.

ಕಾಗದದ ದಪ್ಪವಂತೂ ಫೋಟೋದಲ್ಲಿ ತಿಳಿಯುವುದೇ ಇಲ್ಲ ಎನ್ನುವವರಿದ್ದಾರೆ. ತಕ್ಕಡಿಯ ಫೋಟೋ ಇರುವುದು ಅದಕ್ಕಾಗಿಯೇ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಮಿನಲ್ಲಿ. ಪುಸ್ತಕ 20 ಸೆಂ.ಮೀ. ಅಗಲ, 27 ಸೆಂ.ಮೀ. ಉದ್ದ, 240 ಪುಟ ಎಂದಿಟ್ಟುಕೊಳ್ಳಿ. 240 ಪುಟವೆಂದರೆ 120 ಹಾಳೆ. ಒಂದು ಹಾಳೆ 540 ಚದರ ಸೆಂ.ಮೀ., ಒಟ್ಟು 64,800 ಚದರ ಸೆಂ.ಮೀ., ಅಂದರೆ 6.48 ಚದರ ಮೀಟರ್. ಅದನ್ನು 80ರಿಂದ ಗುಣಿಸಿದರೆ ಸುಮಾರು 518 ಗ್ರಾಂ. ಮುಖಪುಟದ ದಪ್ಪ ಕಾಗದಕ್ಕೆ ಇನ್ನೊಂದು 25 ಗ್ರಾಂ ಸೇರಿಸಿದರೆ ಪುಸ್ತಕ 540 ಗ್ರಾಂ ಆಸುಪಾಸು ತೂಗಬೇಕು. ಅದೇ ಪುಸ್ತಕವನ್ನು 60 ಜಿಎಸ್‌ಎಂ ಕಾಗದದಲ್ಲಿ ಮುದ್ರಿಸಿದ್ದರೆ ಒಳಹಾಳೆಗಳು 389 ಗ್ರಾಂ, ಮುಖಪುಟ ಸೇರಿ 414. ಕಿರಾಣಿ ಅಂಗಡಿಯ ತಕ್ಕಡಿಯೂ ಹಿಡಿಯುವಷ್ಟು ವ್ಯತ್ಯಾಸವಿದು. ಆದರೆ ಹತ್ತಿಪ್ಪತ್ತು ಗ್ರಾಮಿಗೆ ಜಗಳ ತೆಗೆಯಬಾರದು. ಈ ಕರಾವಳಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ ತೂಕ ಏರಿಸಿಕೊಳ್ಳುತ್ತದೆ, ಕಾರ್ಖಾನೆಯಿಂದ ಬರುವಾಗಲೇ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ನೂರು ಗ್ರಾಂ ಕಡಿಮೆಯಿದ್ದರೆ ಅದು ತೇವದ ಮಾತಲ್ಲ.

ಬಣ್ಣದ ವಿಷಯದಲ್ಲಿ ಸಾಕಷ್ಟು ತಪ್ಪು ಕಲ್ಪನೆ ಇದೆ. ಹಳದಿ ಕಾಗದ ಎಂದರೆ ನಕಲಿ, ಬಿಳುಪಾದರೆ ಅಸಲಿ ಎಂಬ ನಂಬಿಕೆ ಪಾಲಕರಲ್ಲಿ ಬೇರೂರಿದೆ. ಕ್ರೀಮ್‌ವೋವ್ ಕಾಗದ ಹೆಸರಿನಲ್ಲೇ ಇರುವಂತೆ ಕೆನೆಬಣ್ಣದ್ದು. ಜೆರಾಕ್ಸ್ ಹಾಳೆಯ ಪಕ್ಕದಲ್ಲಿ ಬಾಲಭಾರತಿ ಪುಸ್ತಕ ಹಳದಿಯಾಗಿಯೇ ಕಾಣಬೇಕು. ಜೆರಾಕ್ಸ್ ಹಾಳೆಯಷ್ಟೇ ಬೆಳ್ಳಗಿದ್ದರೆ ಆಗ ಯೋಚಿಸಬೇಕು! ಬೇರೆ ಬಗೆಯ ಹಳದಿ ಇರುವುದು ನ್ಯೂಸ್‌ಪ್ರಿಂಟಿನದು. ಓದುಗರು ಈಗ ಕೈಯಲ್ಲಿ ಹಿಡಿದಿರುವ ಕಾಗದವೇ ಅದು, 45ರಿಂದ 49 ಜಿಎಸ್‌ಎಂ ಆಸುಪಾಸಿನದು. ಮರದ ತಿರುಳನ್ನು ಯಂತ್ರದಲ್ಲಿ ಅರೆದು ಮಾಡುವ ಇದರಲ್ಲಿ ಲಿಗ್ನಿನ್ ಎಂಬ ಅಂಶ ಉಳಿದಿರುವುದರಿಂದ ಬಿಸಿಲಿಗೆ ಬಿದ್ದರೆ ಕೆಲವೇ ದಿನಗಳಲ್ಲಿ ಕಂದುತ್ತದೆ. ಒಂದು ದಿನ ಓದಿ ಕಟ್ಟಿಡುವ ಪತ್ರಿಕೆಗೆ ಅದು ಧಾರಾಳ ಸಾಕು, ಎರಡು ವರ್ಷ ತಿರುವಿಹಾಕುವ ಪುಸ್ತಕಕ್ಕಲ್ಲ. ಗೈಡುಗಳ ನಕಲಿ ಮುದ್ರಣದಲ್ಲಿ ಇಂತಹ ತೆಳು ಕಾಗದ ಬಳಸಿದ್ದರೆ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಹಾಯ್ದು ಕಾಣುತ್ತದೆ. ಫೋಟೋದಲ್ಲಿ ಅದು ಸ್ಪಷ್ಟ.

ಇನ್ನು ಅಚ್ಚು. ಪುಸ್ತಕದ ಅಂದಕ್ಕಾಗಿ ಇದನ್ನು ನೋಡಬೇಕಿಲ್ಲ, ಮಗುವಿನ ಅಂಕಕ್ಕಾಗಿ ನೋಡಬೇಕು. ಅಸಲಿ ಪುಸ್ತಕದಲ್ಲಿ ಅಕ್ಷರ ಅಕ್ಷರವಾಗಿಯೇ ಕಂಪ್ಯೂಟರಿನಿಂದ ಪ್ಲೇಟಿಗೆ ಹೋಗುತ್ತದೆ, ಅಂಚು ಹರಿತವಾಗಿರುತ್ತದೆ. ನಕಲಿಗಾರನ ಹಳೆಯ ವಿಧಾನವೆಂದರೆ ಒಂದು ಪ್ರತಿ ಕೊಂಡು ಬೆನ್ನು ಕತ್ತರಿಸಿ ಪುಟಪುಟವನ್ನೂ ಸ್ಕ್ಯಾನ್ ಮಾಡುವುದು. ಆಗ ಅಕ್ಷರವೂ ಒಂದು ಚಿತ್ರವಾಗಿಬಿಡುತ್ತದೆ. ದಪ್ಪ ಗೆರೆ ಇನ್ನೂ ದಪ್ಪ, ಸಪೂರ ಗೆರೆ ತುಂಡುತುಂಡು. ದೊಡ್ಡ ಅಕ್ಷರದಲ್ಲಿ ಇದು ಕಾಣುವುದಿಲ್ಲ. ಅದಕ್ಕೇ ಫೋಟೋ ಕೇಳುವಾಗ ಪಾಠದ ಸಾಲು ಬೇಡ, ಘಾತಸಂಖ್ಯೆ, ಚಿತ್ರದ ಕೆಳಗಿನ ಸಣ್ಣ ಬರಹ, ಬೂದು ಬಣ್ಣದ ಚೌಕಟ್ಟು ಇರುವ ಜಾಗ ತೋರಿಸಲು ಹೇಳಬೇಕು. ಎಲೆಕ್ಟ್ರಾನಿನ ವಿದ್ಯುದಂಶ 1.6×10⁻¹⁹ ಕೂಲಂಬ್. ಮೇಲೆ ಬರೆದ ಆ ಪುಟ್ಟ ಅಡ್ಡಗೆರೆ ಸ್ಕ್ಯಾನಿನಲ್ಲಿ ಅಳಿಸಿಹೋದರೆ ಉಳಿಯುವುದು 10¹⁹. ಬೋರ್ಡಿನ ಪರೀಕ್ಷೆಯಾದರೆ ವಿಧಾನಕ್ಕೆಂದು ಒಂದೆರಡು ಅಂಕ ಸಿಕ್ಕೀತು. ನೀಟ್‌ನಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ. ದಶಮಾಂಶದ ಚುಕ್ಕಿ ಮಾಯವಾಗುವುದು, 3 ಮತ್ತು 8 ಒಂದೇ ರೀತಿ ಕಾಣುವುದು, ಹೃದಯದ ಚಿತ್ರದಲ್ಲಿ ಹೆಸರಿನಿಂದ ಹೊರಟ ಗೆರೆ ಅರ್ಧದಲ್ಲೇ ನಿಲ್ಲುವುದು, ಇವೆಲ್ಲ ಇದೇ ಜಾತಿಯ ಪೆಟ್ಟುಗಳು.

ಫೋಟೋ ಅಚ್ಚಾದ ಪುಟ ಇನ್ನೂ ಒಳ್ಳೆಯ ಸಾಕ್ಷಿ. ಪುಸ್ತಕದಲ್ಲಿ ಫೋಟೋ ಎಂದರೆ ಸಾಲುಸಾಲು ಚುಕ್ಕಿಗಳು. ಚುಕ್ಕಿಯ ಮೇಲೆ ಚುಕ್ಕಿ ಸ್ಕ್ಯಾನ್ ಮಾಡಿ ಮತ್ತೆ ಮುದ್ರಿಸಿದಾಗ ಸೊಳ್ಳೆಪರದೆಯನ್ನು ಎರಡು ಪದರ ಮಾಡಿದಂತೆ ಅಲೆಅಲೆಯ ವಿನ್ಯಾಸ ಹುಟ್ಟುತ್ತದೆ. ಬಣ್ಣದ ಪುಸ್ತಕವಾದರೆ ಕಪ್ಪು ಅಕ್ಷರದ ಅಂಚಿನಲ್ಲಿ ಕೆಂಪು ಅಥವಾ ನೀಲಿ ನೆರಳು ಕಾಣುತ್ತದೆ. ಅಸಲಿಯಲ್ಲಿ ಕಪ್ಪು ಅಕ್ಷರಕ್ಕೆ ಕಪ್ಪು ಶಾಯಿ ಮಾತ್ರ. ಸ್ಕ್ಯಾನಿನಲ್ಲಿ ನಾಲ್ಕೂ ಬಣ್ಣ ಕೂಡಿ ಕಪ್ಪಾಗುವುದರಿಂದ ಒಂದು ಕೂದಲೆಳೆ ಸರಿದರೂ ನೆರಳು ಬೀಳುತ್ತದೆ. ಅಲೆಯ ವಿನ್ಯಾಸವನ್ನು ಮಾತ್ರ ಎಚ್ಚರದಿಂದ ನೋಡಬೇಕು. ಮೊಬೈಲಿನ ಕ್ಯಾಮರಾವೇ ಕೆಲವೊಮ್ಮೆ ಅದನ್ನು ಸೃಷ್ಟಿಸುತ್ತದೆ. ದೂರ ಬದಲಿಸಿ ಇನ್ನೊಂದು ಫೋಟೋ ತೆಗೆಸಿ, ಅಲೆ ಬದಲಾದರೆ ಅದು ಕ್ಯಾಮರಾದ ಆಟ. ಹಾಗೆಯೇ ಉಳಿದರೆ ಕಾಗದದ ಮೇಲೆಯೇ ಇದೆ.

ಇಷ್ಟಾದರೂ ಅಚ್ಚು ಹರಿತವಾಗಿದೆ ಎಂದ ಮಾತ್ರಕ್ಕೆ ಪುಸ್ತಕ ಅಸಲಿ ಎನ್ನಲಾಗದು. ಎನ್‌ಸಿಇಆರ್‌ಟಿಯೂ ಬಾಲಭಾರತಿಯೂ ತಮ್ಮ ಪುಸ್ತಕಗಳ ಪಿಡಿಎಫ್‌ಗಳನ್ನು ಉಚಿತವಾಗಿ ಓದಲು ಕೊಟ್ಟಿವೆ. ಇಂದಿನ ನಕಲಿಗಾರನಿಗೆ ಸ್ಕ್ಯಾನಿಂಗ್ ಕಷ್ಟವೇ ಬೇಕಿಲ್ಲ, ಆ ಪಿಡಿಎಫ್‌ನಿಂದಲೇ ಪ್ಲೇಟ್ ತೆಗೆದರೆ ಅಕ್ಷರ ಅಸಲಿಯಷ್ಟೇ ಚೆಂದ. ಎನ್‌ಸಿಇಆರ್‌ಟಿಯ ಹಿಂದಿನ ಪಿಡಿಎಫ್‌ಗಳಲ್ಲಿ ಮರುಪ್ರಕಟಿಸಬಾರದು ಎಂಬರ್ಥದ ಇಂಗ್ಲಿಷ್ ಮಾತು ಪುಟದ ಉದ್ದಕ್ಕೂ ಓರೆಯಾಗಿ ಬೂದು ಬಣ್ಣದಲ್ಲಿರುತ್ತಿತ್ತು. ಅದನ್ನು ಅಳಿಸುವಾಗ ಅಲ್ಲಲ್ಲಿ ಉಳಿದ ಕಲೆ ಕಂಡರೆ ಸರಿ, ಇಲ್ಲದಿದ್ದರೆ ಅಚ್ಚಿನಿಂದ ಏನೂ ತಿಳಿಯುವುದಿಲ್ಲ. ಐಎಸ್‌ಬಿಎನ್ ಬಾರ್‌ಕೋಡ್ ಮತ್ತು ಕ್ಯೂಆರ್ ಕೋಡ್‌ಗಳನ್ನು ಮೊಬೈಲಿನಲ್ಲಿ ಓದಿಸಿ ಸಮಾಧಾನ ಪಟ್ಟುಕೊಳ್ಳುವವರೂ ಇದ್ದಾರೆ. ನಕಲು ಮಾಡಿದ ಕೋಡ್ ಅಸಲಿ ಪುಸ್ತಕದ ಸಂಖ್ಯೆಯನ್ನೇ ತೋರಿಸುತ್ತದಲ್ಲವೇ? ಅದು ಓದಿತು ಎನ್ನುವುದು ಏನನ್ನೂ ಸಾಬೀತುಪಡಿಸುವುದಿಲ್ಲ. ಖಾಸಗಿ ಪ್ರಕಾಶಕರ ಗೈಡಿನ ಮೇಲಿನ ಹೋಲೋಗ್ರಾಂ ಸ್ಟಿಕ್ಕರನ್ನೂ ಫೋಟೋದಲ್ಲಿ ನಂಬುವಂತಿಲ್ಲ. ಪುಸ್ತಕವನ್ನು ಅತ್ತಿತ್ತ ಓಲಾಡಿಸಿ ಬಣ್ಣ ಬದಲಾಗುವುದನ್ನು ತೋರಿಸುವ ಹತ್ತು ಸೆಕೆಂಡಿನ ವೀಡಿಯೋ ಕೇಳಬೇಕು.

ಬೈಂಡಿಂಗ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪುಸ್ತಕದ ಬೆನ್ನನ್ನು ಮೇಲಿನಿಂದ ನೋಡಿದರೆ ಹೊಲಿದ ಪುಸ್ತಕದಲ್ಲಿ ಮಡಚಿದ ಹಾಳೆಗಳ ಸಣ್ಣ ಸಣ್ಣ ಕಂತೆಗಳು ಕಾಣುತ್ತವೆ. ಗಮ್ ಹಾಕಿದ್ದರಲ್ಲಿ ಎಲ್ಲ ಹಾಳೆ ನೇರವಾಗಿ ಕತ್ತರಿಸಿ ಅಂಟಿಸಿರುತ್ತದೆ. ಅಸಲಿ ಗೈಡುಗಳೂ ಈಗ ಬಹುತೇಕ ಗಮ್ಮಿನವೇ ಆಗಿರುವುದರಿಂದ ಗಮ್ ಇದೆ ಎಂಬುದು ಅಪರಾಧವಲ್ಲ. ಗಮ್ ಎಳೆಎಳೆಯಾಗಿ ಹೊರಬಂದಿರುವುದು, ಬದಿಯಿಂದ ಪಿನ್ನು ಹೊಡೆದು ಮುಖಪುಟದಿಂದ ಮುಚ್ಚಿರುವುದು, ಸಾಲಿನ ಕೊನೆಯ ಅಕ್ಷರ ಬೆನ್ನಿನ ಒಳಕ್ಕೆ ಹೂತಿರುವುದು, ಪುಟಸಂಖ್ಯೆ ಒಂದೊಂದು ಪುಟದಲ್ಲಿ ಒಂದೊಂದು ಎತ್ತರದಲ್ಲಿರುವುದು, ಇವು ಅನುಮಾನಕ್ಕೆ ಕಾರಣ. ಪುಸ್ತಕವನ್ನು ನಡುವೆ ಬಿಡಿಸಿಟ್ಟ ಒಂದು ಫೋಟೋದಲ್ಲಿ ಇವೆಲ್ಲ ತಿಳಿಯುತ್ತದೆ.

ಮತ್ತೆ ಡೊಂಬಿವಲಿಯ ಆ ಸಮಿತಿಗೆ ಬರೋಣ. ಫೋಟೋಗಳು ಬಂದವು ಎನ್ನಿ. ಅಚ್ಚು ಚೆನ್ನಾಗಿದೆ, ಘಾತಸಂಖ್ಯೆಗಳು ಸ್ಪಷ್ಟ, ಬೈಂಡಿಂಗಿನಲ್ಲಿ ದೋಷವಿಲ್ಲ. ಆದರೆ ಬೆಳಕಿಗೆ ಹಿಡಿದ ಮೂರು ಹಾಳೆಯಲ್ಲೂ ವಾಟರ್‌ಮಾರ್ಕ್ ಇಲ್ಲ, 540 ಗ್ರಾಂ ಇರಬೇಕಾದದ್ದು 420 ತೂಗುತ್ತದೆ. ಪಿಡಿಎಫ್‌ನಿಂದ ತೆಳು ಕಾಗದಕ್ಕೆ ಇಳಿಸಿದ ಮಾಲು ಎಂದು ತಿಳಿದು ಬಿಡಬೇಕು. ಇನ್ನೊಬ್ಬ ವ್ಯಾಪಾರಿಯದು ಇದಕ್ಕೆ ವಿರುದ್ಧ: ತೂಕ ಸರಿ, ವಾಟರ್‌ಮಾರ್ಕ್ ಇದೆ, ಅಕ್ಷರ ಮಾತ್ರ ಮಸುಕು. ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಂಡರೆ ಮಸುಕು ಹೋಗುತ್ತದೆ. ಅವನ ರಿಯಾಯಿತಿ ಕಡಿಮೆಯಾದರೂ ಆರ್ಡರ್ ಅವನಿಗೆ ಸಲ್ಲಬೇಕು. ಒಂದು ಲಕ್ಷಣದ ಮೇಲೆ ತೀರ್ಪು ಕೊಟ್ಟರೆ ಈ ಎರಡೂ ಕಡೆ ಎಡವುವುದು ಖಂಡಿತ.

ಹೊಸತೇ ಬೇಕೆಂಬ ಹಟವೂ ಸರಿಯಲ್ಲ. ಮಾಟುಂಗಾದಲ್ಲೋ ಫ್ಲೋರಾ ಫೌಂಟನ್ ಬಳಿಯ ಫುಟ್‌ಪಾತಿನಲ್ಲೋ ಸಿಗುವ ಹಳೆಯ ಅಸಲಿ ಪುಸ್ತಕ, ಅಥವಾ ಕಳೆದ ವರ್ಷ ಪಾಸಾದ ವಿದ್ಯಾರ್ಥಿಯ ಪ್ರತಿ, ಹೊಳೆಯುವ ನಕಲಿಗಿಂತ ಸಾವಿರ ಪಾಲು ಮೇಲು. ಕಾಗದ ಹಳದಿಯಾಗಿರಲಿ, ಮೂಲೆ ಮಡಚಿರಲಿ. ಅಲ್ಲಿ ನೋಡಬೇಕಾದ್ದು ಪರಿವಿಡಿ. ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯ ಕಡಿತ ಮಾಡಿತು. ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಮೊದಲು 16 ಅಧ್ಯಾಯಗಳಿದ್ದವು, ಕಡಿತದ ನಂತರ 13. ಹಳೆಯ ಪುಸ್ತಕವೆಂದು ಹೇಳಿ ಮಾರುವ 16 ಅಧ್ಯಾಯದ ಪ್ರತಿಯಲ್ಲಿ ಮೋಸವಿಲ್ಲ. ಹೊಸ ವರ್ಷದ ಮುಖಪುಟ ಹೊತ್ತು ಒಳಗೆ 16 ಅಧ್ಯಾಯವಿದ್ದರೆ ಅದು ಹಳೆಯ ಮಾಲಿಗೆ ಹೊಸ ಅಂಗಿ ತೊಡಿಸಿದ್ದು. ಪರಿವಿಡಿಯ ಫೋಟೋವನ್ನು ಸಂಸ್ಥೆಯ ಉಚಿತ ಪಿಡಿಎಫ್ ಜೊತೆ ಇಟ್ಟು ನೋಡಲು ಎರಡು ನಿಮಿಷ ಸಾಕು.

ಸಂಘಗಳು ಇದನ್ನೆಲ್ಲ ಯಾಕೆ ಮಾಡಬೇಕು, ಉಚಿತವಾಗಿ ಹಂಚುವುದರಲ್ಲಿ ಲಾಭವಿಲ್ಲವಲ್ಲ ಎಂಬ ಮಾತು ಬರುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ 51ನೇ ಕಲಮು ವ್ಯಾಪಾರಕ್ಕಾಗಿ ಹಂಚುವುದನ್ನು ಮಾತ್ರವಲ್ಲ, ಹಕ್ಕುದಾರರಿಗೆ ನಷ್ಟವಾಗುವ ಮಟ್ಟಿಗೆ ನಕಲಿ ಪ್ರತಿ ಹಂಚುವುದನ್ನೂ ಉಲ್ಲಂಘನೆ ಎಂದೇ ಹೇಳುತ್ತದೆ. ತಿಳಿದೂ ಮಾಡಿದರೆ 63ನೇ ಕಲಮಿನಡಿ ಆರು ತಿಂಗಳಿಂದ ಮೂರು ವರ್ಷದ ತನಕ ಸಜೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ; ವ್ಯಾಪಾರದ ಲಾಭಕ್ಕಲ್ಲದಿದ್ದರೆ ನ್ಯಾಯಾಲಯ ಕಾರಣ ಕೊಟ್ಟು ಶಿಕ್ಷೆ ಇಳಿಸಬಹುದು. ಪೊಲೀಸರು ನೇರವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧವಿದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ಮಗುವಿಗಾಗಿ ಒಂದು ಪ್ರತಿ ಕೊಂಡ ತಾಯಿಯನ್ನು ಇದರಲ್ಲಿ ಸಿಕ್ಕಿಸಲು ಯಾರೂ ಹೊರಟಿಲ್ಲ. ನೂರಾರು ಪ್ರತಿ ವೇದಿಕೆಯಲ್ಲಿ ಹಂಚಿ ಪತ್ರಿಕೆಗೆ ಫೋಟೋ ಕಳಿಸುವ ಸಮಿತಿಯ ಸ್ಥಿತಿ ಬೇರೆ. ಪಾಠಕ್ಕೆ ಬೇಕಾದ ಕೆಲವು ಪುಟಗಳ ಜೆರಾಕ್ಸ್ ತೆಗೆಸುವುದನ್ನು ಇದರೊಂದಿಗೆ ಬೆರೆಸಬಾರದು. ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2016ರಲ್ಲಿ, ಬೋಧನೆಗೆ ಬೇಕಾದಷ್ಟು ಭಾಗದ ಪ್ರತಿ ತೆಗೆಯುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ ಎಂದೇ ತೀರ್ಪು ಕೊಟ್ಟಿತು. ಇಡೀ ಪುಸ್ತಕವನ್ನು ಪ್ರಕಾಶಕರ ಹೆಸರಿನಲ್ಲೇ ಮುದ್ರಿಸಿ ಮಾರುವುದಕ್ಕೆ ಆ ತೀರ್ಪಿನಲ್ಲಿ ಆಸರೆಯಿಲ್ಲ.

ನಕಲಿ ಕೊಂಡ ಬಡ ಪಾಲಕರನ್ನು ಛೇಡಿಸುವುದು ಸುಲಭ, ನ್ಯಾಯವಲ್ಲ. ಮಗಳಿಗೆ ನಾಳೆಯಿಂದಲೇ ಕ್ಲಾಸು, ಅಂಗಡಿಯಲ್ಲಿ ಅಸಲಿ ಇಲ್ಲ ಎಂದಾಗ ಅವರು ಬೇರೇನು ಮಾಡಿಯಾರು? ಆದರೆ ಸಮಿತಿಗಳಿಗೆ ಆ ಗಡಿಬಿಡಿಯಿಲ್ಲ. ಏಪ್ರಿಲ್‌ನಲ್ಲೇ ಪಟ್ಟಿ ಮಾಡಿದರೆ ಅಧಿಕೃತ ಮಾರಾಟಗಾರರಿಂದ ತರಿಸಲು ಎರಡು ತಿಂಗಳಿದೆ. ಅಲ್ಲಿಯೂ ಸಿಗದಿದ್ದರೆ ಉಚಿತ ಪಿಡಿಎಫ್‌ನಲ್ಲಿ ಮೊದಲ ಎರಡು ಪಾಠ ಓದುತ್ತಿರಿ, ಪುಸ್ತಕ ಜುಲೈಯಲ್ಲಿ ಕೊಡುತ್ತೇವೆ ಎಂದು ಮಕ್ಕಳಿಗೆ ಹೇಳಬಹುದು. ಸಮಾರಂಭದ ದಿನಾಂಕ ಎರಡು ವಾರ ಮುಂದೆ ಹೋದರೆ ಅತಿಥಿಗಳೇನೂ ಮುನಿಸಿಕೊಳ್ಳಲಾರರು.

ಮಾಲು ಬಂದ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಫೋಟೋದಲ್ಲಿ ಅಸಲಿ ತೋರಿಸಿ ಕಟ್ಟಿನಲ್ಲಿ ನಕಲಿ ಬೆರೆಸುವುದು ಕಷ್ಟವಲ್ಲ. ಪ್ರತಿ ಕಟ್ಟಿನ ನಡುವಿನಿಂದ ಒಂದೊಂದು ಪ್ರತಿ ಎಳೆದು ತಕ್ಕಡಿಗೆ ಹಾಕಬೇಕು, ಬೆಳಕಿಗೆ ಹಿಡಿಯಬೇಕು, ಮೇಲಿನದನ್ನಲ್ಲ. ಬಿಲ್ಲಿನಲ್ಲಿ ಪುಸ್ತಕದ ಹೆಸರು, ಪ್ರಕಾಶಕರು, ಸಂಖ್ಯೆ ನಮೂದಾಗಿರಬೇಕು. "ಬುಕ್ಸ್, 40 ನಗ" ಎಂದಷ್ಟೇ ಬರೆದ ಚೀಟಿ ನಾಳೆ ದೂರು ಕೊಡಲು ಉಪಯೋಗಕ್ಕೆ ಬಾರದು. ಅನುಮಾನ ಬಂದರೆ ಹಣದ ಬಾಕಿ ತಡೆಹಿಡಿದು, ಐದು ಫೋಟೋ ಮತ್ತು ಬಿಲ್ಲಿನ ಪ್ರತಿಯನ್ನು ಪ್ರಕಾಶಕರಿಗೆ ಕಳಿಸಿ ಅವರಿಂದಲೇ ಲಿಖಿತ ಉತ್ತರ ತರಿಸಿಕೊಳ್ಳಬೇಕು. ಉತ್ತರ ಬರುವ ತನಕ ಆ ಕಟ್ಟುಗಳು ಸಂಘದ ಕಪಾಟಿನಲ್ಲೇ ಬೀಗ ಹಾಕಿ ಇರಲಿ.